ಕೊಳೆರೋಗದ ಅಧ್ಯಾಯ ಎಲ್ಲಿ ಹೋಯಿತು?

ಅಡಿಕೆ ಬೆಳೆಗಾರರ ಸಂಘವೊಂದು ಸದಸ್ಯರಿಗೆಂದು ಮಾಡಿಸಿದ ಕೈಪಿಡಿಯ ವರ್ಡ್ ಫೈಲು ನನ್ನ ಕೈಗೆ ಬಂದದ್ದು ಭಾವನ ಮೂಲಕ. ಭಾವ ತೀರ್ಥಹಳ್ಳಿ ಕಡೆ ತೋಟ ಮಾಡಿಕೊಂಡಿದ್ದಾರೆ. ಕಣ್ಣು ಪೂರ್ತಿ ಹೋಗಿ ವರ್ಷಗಳೇ ಆದವು. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಹಾಕಿಕೊಂಡು, ಅದರ ಕನ್ನಡದ ದನಿಯಲ್ಲಿ ಪೇಪರು, ಪುಸ್ತಕ ಎಲ್ಲ ಕೇಳುತ್ತಾರೆ. ಮಳೆ ಹಿಡಿಯುವ ಮೊದಲು ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಸಬೇಕಿತ್ತು, ಅದರ ಅಳತೆ ನೋಡಿಕೊಳ್ಳೋಣ ಎಂದು ಈ ಕೈಪಿಡಿ ತೆರೆದಿದ್ದಾರೆ. ಆಮೇಲೆ ನನಗೆ ಫೋನು.

“ಅಲ್ಲ ಮಾರಾಯ, ಇಡೀ ಪುಸ್ತಕದಲ್ಲಿ ಕೊಳೆರೋಗದ ವಿಷಯವೇ ಇಲ್ಲವಲ್ಲ. ಇದೆಂಥಾ ಅಡಿಕೆ ಕೈಪಿಡಿ?”

ನಾನು ದುರ್ಗಿಗುಡಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಫೈಲು ತೆರೆದು ನೋಡಿದೆ. ಕೊಳೆರೋಗಕ್ಕೇ ನಾಲ್ಕು ಪುಟ ಇತ್ತು. ಲಕ್ಷಣ, ಹರಡುವ ರೀತಿ, ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ, ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಆಮೇಲೆ ಸೇರಿಸುವ ಕ್ರಮ, ಎಲ್ಲವೂ ಇತ್ತು. ಭಾವನ ಕಿವಿಗೆ ಮಾತ್ರ ಅದು ಬಿದ್ದಿರಲಿಲ್ಲ.

ಯಾಕೆ ಬಿದ್ದಿಲ್ಲ ಎಂದು ತಿಳಿಯಬೇಕಾದರೆ ಭಾವ ಪುಸ್ತಕದಲ್ಲಿ ಓಡಾಡುವ ರೀತಿ ಗೊತ್ತಿರಬೇಕು. ನಾವು ಪುಟ ತಿರುಗಿಸುತ್ತ ದಪ್ಪಕ್ಷರ ಕಂಡಲ್ಲಿ ನಿಲ್ಲುತ್ತೇವೆ. ಅವರು ಎನ್‌ವಿಡಿಎಯ ಬ್ರೌಸ್ ಮೋಡಿನಲ್ಲಿ ಅಂಕಿಯ ಕೀಲಿ ಒತ್ತುತ್ತಾರೆ. 1 ಒತ್ತಿದರೆ ಮುಂದಿನ ಒಂದನೇ ಹಂತದ ಶೀರ್ಷಿಕೆ, ಅಂದರೆ ಮುಂದಿನ ಅಧ್ಯಾಯ. ಅಧ್ಯಾಯದೊಳಗೆ ಏನಿದೆ ನೋಡಲು 2, ಇನ್ನೂ ಒಳಗೆ ಹೋಗಲು 3. ‘ರೋಗ ಮತ್ತು ಕೀಟ’ ಎಂಬ ಅಧ್ಯಾಯ ಸಿಕ್ಕಿದ ಮೇಲೆ ಅವರು 2 ಒತ್ತಿದ್ದಾರೆ. ಆ ಅಧ್ಯಾಯದಲ್ಲಿ ಎರಡನೇ ಹಂತದ ಶೀರ್ಷಿಕೆ ಒಂದೂ ಇರಲಿಲ್ಲ. Heading 1 ಆದಮೇಲೆ ಸೀದಾ Heading 3. ಹಾಗಾಗಿ ಆ ಒಂದು ಒತ್ತಿಗೆ ಇಡೀ ಅಧ್ಯಾಯ ದಾಟಿ, ಮುಂದಿನ ನೀರಾವರಿ ಅಧ್ಯಾಯದ ಮೊದಲ ಉಪಶೀರ್ಷಿಕೆ ‘ಹನಿ ನೀರಾವರಿ’ಯ ಮೇಲೆ ಹೋಗಿ ಕೂತಿದ್ದಾರೆ. H ಒತ್ತಿದ್ದರೆ ಯಾವ ಹಂತದ್ದಾದರೂ ಮುಂದಿನ ಶೀರ್ಷಿಕೆ ಸಿಗುತ್ತಿತ್ತು, ನಿಜ. ಆದರೆ ಅಷ್ಟು ದೊಡ್ಡ ಪುಸ್ತಕವನ್ನು ಒಂದೊಂದೇ ಶೀರ್ಷಿಕೆ ಕೇಳಿಕೊಂಡು ಯಾರು ಹುಡುಕುತ್ತಾರೆ? ಹಂತಗಳಿರುವುದೇ ಬೇಡದ್ದನ್ನು ಬಿಟ್ಟು ಮುಂದೆ ಹೋಗುವುದಕ್ಕೆ.

ವರ್ಡಿನಲ್ಲಿ ಇಂಥ ಫೈಲನ್ನು ಸಾಮಾನ್ಯ ನೋಟದಲ್ಲಿ ನೋಡಿದರೆ ತಪ್ಪು ಹೊಳೆಯುವುದಿಲ್ಲ. View ಪಟ್ಟಿಯಿಂದ Outline ನೋಟಕ್ಕೆ ಹೋಗಿ, Show Level ಎಂಬಲ್ಲಿ Level 6 ಆರಿಸಿದೆ. ಆಗ ಮೈಬರಹವೆಲ್ಲ ಮರೆಯಾಗಿ ಶೀರ್ಷಿಕೆಗಳಷ್ಟೇ ಉಳಿಯುತ್ತವೆ, ಹಂತ ಇಳಿದಷ್ಟೂ ಬಲಕ್ಕೆ ಸರಿದು ಕಾಣುತ್ತವೆ. ಒಂದು ಸಾಲಿನ ಕೆಳಗಿನದು ಎರಡು ಪಟ್ಟು ಬಲಕ್ಕೆ ಹಾರಿದ್ದರೆ ಅಲ್ಲಿ ಒಂದು ಹಂತ ತಪ್ಪಿದೆ ಎಂದೇ ಅರ್ಥ. ಈ ಕೈಪಿಡಿಯಲ್ಲಿ ಎರಡು ಅಧ್ಯಾಯ ಹೀಗೆ ಹಾರಿದ್ದವು: ‘ರೋಗ ಮತ್ತು ಕೀಟ’, ಮತ್ತೆ ‘ಕೊಯ್ಲು ಮತ್ತು ಸಂಸ್ಕರಣೆ’.

ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೂ ಪಕ್ಕದಲ್ಲಿ ಕೂತು ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಳು. “ಸಾರ್, ಇಲ್ಲಿ ನಾಲ್ಕನೇ ಹಂತ ಆದಮೇಲೆ ಸೀದಾ ಒಂದು ಬಂದಿದೆ, ಇದೂ ಹಾರಿದ್ದೇ ಅಲ್ವಾ?” ಎಂದಳು. ಕೇಳಬೇಕಾದ ಪ್ರಶ್ನೆಯೇ. ಅದು ತಪ್ಪಲ್ಲ. ಒಂದು ಅಧ್ಯಾಯ ಎಷ್ಟೇ ಆಳಕ್ಕೆ ಇಳಿದು ಮುಗಿದಿರಲಿ, ಮುಂದಿನ ಅಧ್ಯಾಯ ಒಂದನೇ ಹಂತದಿಂದಲೇ ಶುರುವಾಗಬೇಕು. ಮೇಲೆ ಬರುವಾಗ ಎಷ್ಟು ಹಂತ ಬೇಕಾದರೂ ಒಟ್ಟಿಗೆ ಹತ್ತಬಹುದು. ಇಳಿಯುವಾಗ ಮಾತ್ರ ಒಂದೊಂದೇ. ಇದನ್ನು ತಿಳಿಯದೆ ಹತ್ತುವ ಕಡೆಯನ್ನೂ ‘ಸರಿ’ ಮಾಡಲು ಹೊರಟರೆ ಸರಿಯಿದ್ದ ಅಧ್ಯಾಯವೂ ಹಿಂದಿನದರ ಹೊಟ್ಟೆಯೊಳಗೆ ಸೇರಿಹೋಗುತ್ತದೆ.

ಎರಡೂ ಅಧ್ಯಾಯಗಳಲ್ಲಿ ಕಂಡದ್ದು ಒಂದೇ ಲಕ್ಷಣ, ಒಂದರ ಕೆಳಗೆ ಮೂರು. ಹಾಗೆಂದು Heading 3 ಎಲ್ಲವನ್ನೂ ಹುಡುಕಿ Heading 2 ಮಾಡಿಬಿಟ್ಟರೆ ಆಯಿತಲ್ಲ ಎನ್ನಿಸುವುದು ಸಹಜ. ಹಾಗೆ ಮಾಡಿದ್ದರೆ ಸರಿಯಿದ್ದ ನೀರಾವರಿ ಅಧ್ಯಾಯದ ಮೂರನೇ ಹಂತಗಳೂ ಮೇಲೆ ಬಂದು ಅದರ ಎರಡನೇ ಹಂತದ ಜೊತೆ ಬೆರೆತುಹೋಗುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಈ ಎರಡು ಅಧ್ಯಾಯಗಳ ಕಾಯಿಲೆ ಒಂದೇ ಆಗಿರಲಿಲ್ಲ.

‘ರೋಗ ಮತ್ತು ಕೀಟ’ ಅಧ್ಯಾಯವನ್ನು ಮೈಬರಹದ ಸಮೇತ ಓದಿದೆ. ಅಧ್ಯಾಯದ ಹೆಸರಿನ ಕೆಳಗೆ ‘ರೋಗಗಳು’ ಎಂಬ ಒಂದು ಸಾಲು ದಪ್ಪಕ್ಷರದಲ್ಲಿತ್ತು. ಅದರಡಿ ಕೊಳೆರೋಗ, ಅಣಬೆ ರೋಗ, ಎಲೆಚುಕ್ಕೆ ರೋಗ. ನಾಲ್ಕಾರು ಪುಟ ಬಿಟ್ಟು ‘ಕೀಟಗಳು’ ಎಂದು ಮತ್ತೊಂದು ದಪ್ಪ ಸಾಲು, ಅದರಡಿ ಬೇರುಹುಳು, ಹಿಂಗಾರ ತಿನ್ನುವ ಹುಳು. ಬರೆದವರ ಮನಸ್ಸಿನಲ್ಲಿ ಹಂತಗಳು ಸರಿಯಾಗಿಯೇ ಇದ್ದವು. ಟೈಪ್ ಮಾಡಿದವರು ಆ ಎರಡು ಸಾಲುಗಳಿಗೆ ಶೀರ್ಷಿಕೆಯ ಶೈಲಿ ಕೊಡದೆ ಬರೀ ಬೋಲ್ಡ್ ಮಾಡಿ ಬಿಟ್ಟಿದ್ದರು. ಕಣ್ಣಿಗೆ ಅದು ಶೀರ್ಷಿಕೆ, ವರ್ಡಿಗೆ ಮಾತ್ರ ಒಂದು ಮಾಮೂಲಿ ಪ್ಯಾರಾ. ಇಲ್ಲಿ ಮಧ್ಯದ ಹಂತ ಇಲ್ಲವೆಂದಲ್ಲ, ಅದು ವೇಷ ಮರೆಸಿಕೊಂಡಿತ್ತು. ಕೊಳೆರೋಗವನ್ನು ಎರಡನೇ ಹಂತಕ್ಕೆ ಏರಿಸಿದ್ದರೆ ರೋಗ, ಹುಳು ಎಲ್ಲ ಒಂದೇ ಸಾಲಿಗೆ ಬಂದು, ಬರೆದವರು ಮಾಡಿದ್ದ ವಿಂಗಡಣೆಯೇ ಅಳಿಸಿಹೋಗುತ್ತಿತ್ತು. ಆ ಎರಡು ಸಾಲುಗಳನ್ನು ಆರಿಸಿ Ctrl+Space ಒತ್ತಿ ಕೈಯಿಂದ ಹಾಕಿದ್ದ ದಪ್ಪವನ್ನು ತೆಗೆದೆ, Ctrl+Alt+2 ಒತ್ತಿ Heading 2 ಕೊಟ್ಟೆ. ಕೆಳಗಿನ ಒಂದು ಶೀರ್ಷಿಕೆಯನ್ನೂ ಮುಟ್ಟದೆ ಇಡೀ ಅಧ್ಯಾಯ ಸರಿಹೋಯಿತು.

‘ಕೊಯ್ಲು ಮತ್ತು ಸಂಸ್ಕರಣೆ’ಯಲ್ಲಿ ಎಷ್ಟು ಹುಡುಕಿದರೂ ಮಧ್ಯದ ಸಾಲು ಸಿಗಲಿಲ್ಲ. ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ವಿಂಗಡಣೆ, ಇವೆಲ್ಲ ಅಧ್ಯಾಯದ ನೇರ ಮಕ್ಕಳೇ. ಮಧ್ಯೆ ಒಂದು ಹೊಸ ಹೆಸರನ್ನು ತುರುಕಿದ್ದರೆ ಅದು ಹಂತ ತುಂಬಿಸಲಿಕ್ಕಷ್ಟೇ ಇರುವ ಪೊಳ್ಳು ಶೀರ್ಷಿಕೆಯಾಗುತ್ತಿತ್ತು. ಹಾಗಾಗಿ ಇಲ್ಲಿ ಏರಿಸುವುದೇ ಮದ್ದು. Outline ನೋಟದಲ್ಲಿ ಶೀರ್ಷಿಕೆಯ ಎಡಕ್ಕಿರುವ ಕೂಡಿಸುವ ಗುರುತಿನ ಮೇಲೆ ಒತ್ತಿದರೆ ಅದರ ಕೆಳಗಿನವೂ ಸೇರಿ ಆಯ್ಕೆಯಾಗುತ್ತವೆ, Alt+Shift+ಎಡಬಾಣ ಒತ್ತಿದರೆ ಎಲ್ಲ ಒಟ್ಟಿಗೆ ಒಂದು ಹಂತ ಮೇಲೆ ಬರುತ್ತವೆ. ಆದರೆ ‘ವಿಂಗಡಣೆ’ಯ ಅಡಿಯಲ್ಲಿ ಇನ್ನೊಂದು ಹಾರಿಕೆ ಕಾದಿತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕೂ Heading 5 ಆಗಿದ್ದವು. ವಿಂಗಡಣೆ ಮೂರರಿಂದ ಎರಡಕ್ಕೆ ಬಂದಾಗ ಇವು ಐದರಿಂದ ನಾಲ್ಕಕ್ಕೆ ಬಂದವು, ಎರಡರ ಕೆಳಗೆ ನಾಲ್ಕು ಎಂಬ ಅಂತರ ಹಾಗೇ ಉಳಿಯಿತು. ಆ ನಾಲ್ಕನ್ನು ಮಾತ್ರ ಆರಿಸಿ ಇನ್ನೊಂದು ಸಲ ಏರಿಸಿದ ಮೇಲೆ ಮೂರಕ್ಕೆ ಬಂದು ನಿಂತವು. ತಂದೆಯನ್ನು ಮೊದಲು ಅದರ ಜಾಗಕ್ಕೆ ತಂದು, ಆಮೇಲೆ ಮಕ್ಕಳನ್ನು ನೋಡಬೇಕು. ಮೇಲಿಂದ ಕೆಳಕ್ಕೆ ಹೋಗದೆ ಕೆಳಗಿನಿಂದ ಶುರುಮಾಡಿದರೆ ಪ್ರತಿ ಸಾಲನ್ನೂ ಎರಡೆರಡು ಸಲ ಮುಟ್ಟಬೇಕಾಗುತ್ತದೆ.

ಇನ್ನು ಅಲ್ಲಲ್ಲಿ ‘ಎಚ್ಚರಿಕೆ’ ಎಂದು Heading 6 ಇತ್ತು, ಒಂದೊಂದರ ಕೆಳಗೂ ಎರಡೇ ಸಾಲು. ಅವು ಶೀರ್ಷಿಕೆಗಳೇ ಅಲ್ಲ, ಪಕ್ಕಟಿಪ್ಪಣಿ. ಅವುಗಳಿಗೆ ಹಂತ ಹುಡುಕುವ ಬದಲು Normal ಮೇಲೆ ಆಧರಿಸಿದ ಒಂದು ಬೇರೆ ಶೈಲಿ ಮಾಡಿ ಹಾಕಿದೆ.

ಇಷ್ಟೆಲ್ಲ ಹಾರಿಕೆ ಯಾಕಾಯಿತು ಎಂಬುದು ಗಾತ್ರ ಸರಿಮಾಡಲು ಹೊರಟಾಗ ಗೊತ್ತಾಯಿತು. ಏರಿಸಿದ ಶೀರ್ಷಿಕೆಗಳು ಪುಟದ ಮೇಲೆ ವಿಪರೀತ ದೊಡ್ಡದಾಗಿ ಕಾಣುತ್ತಿದ್ದವು. Heading 2 ಶೈಲಿಯ Modify ತೆರೆದು ನೋಡಿದರೆ, ಟೈಪ್ ಮಾಡಿದವರು ಅಲ್ಲಿ ಗಾತ್ರ ಇಳಿಸುವ ಪ್ರಯತ್ನ ಮಾಡಿದ್ದರು: ಇಂಗ್ಲಿಷ್ ಅಕ್ಷರಗಳ ಗಾತ್ರ 13 ಆಗಿತ್ತು, ಕನ್ನಡದ್ದು 20 ಹಾಗೇ ಉಳಿದಿತ್ತು. ವರ್ಡ್ ನಮ್ಮ ಲಿಪಿಯನ್ನು Complex scripts ಎಂಬ ಬೇರೆ ಗುಂಪಿನಲ್ಲಿಟ್ಟು ಅದರ ಫಾಂಟು, ಗಾತ್ರ, ದಪ್ಪ ಎಲ್ಲವನ್ನೂ ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುತ್ತದೆ. Modify ಒಳಗೆ Format, ಅಲ್ಲಿಂದ Font ತೆರೆದರೆ ಕೆಳಗಡೆ ಆ ಖಾನೆಗಳಿವೆ. ಮೇಲಿನ ಖಾನೆಯಲ್ಲಿ ಅಂಕಿ ಬದಲಿಸಿದರೆ ಕನ್ನಡದ ಸಾಲು ಅಲುಗುವುದಿಲ್ಲ. ಗಾತ್ರ ಬದಲಾಗದ್ದನ್ನು ಕಂಡು ಆ ಮನುಷ್ಯ ಚಿಕ್ಕದಾಗಿ ಕಾಣುವ ಶೈಲಿ ಯಾವುದೆಂದು ಹುಡುಕಿ Heading 3 ಹಾಕಿರಬೇಕು, ಅದರ ಮಕ್ಕಳಿಗೆ ಇನ್ನೂ ಚಿಕ್ಕದಾದ Heading 5. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಒಂದು ಖಾನೆ ಗೊತ್ತಿದ್ದರೆ ಅರ್ಧ ಹಾರಿಕೆಗಳು ಹುಟ್ಟುವುದೇ ಇಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಲ್ಲಿ 14 ಹಾಕಿದೆ, ಕೈಪಿಡಿಯ ಎಲ್ಲ ಎರಡನೇ ಹಂತಗಳೂ ಒಟ್ಟಿಗೆ ಕುಗ್ಗಿದವು.

ಪರಿವಿಡಿಯನ್ನು Update Table ಕೊಟ್ಟು ಹೊಸದು ಮಾಡಿದ ಮೇಲೆ ಫೈಲನ್ನು ಭಾವನಿಗೆ ಕಳಿಸಿ ಫೋನು ಕಿವಿಗಿಟ್ಟುಕೊಂಡೆ. ಆ ಕಡೆಯಿಂದ ಎನ್‌ವಿಡಿಎಯ ದನಿ ಕೇಳುತ್ತಿತ್ತು. 1 ಒತ್ತುತ್ತ ‘ರೋಗ ಮತ್ತು ಕೀಟ’ಕ್ಕೆ ಬಂದರು. 2 ಒತ್ತಿದರು, ‘ರೋಗಗಳು’. 3 ಒತ್ತಿದರು, ‘ಕೊಳೆರೋಗ’. 4 ಒತ್ತಿದಾಗ ‘ಲಕ್ಷಣಗಳು’, ಮತ್ತೆ ಒತ್ತುತ್ತ ಹೋದಂತೆ ‘ಬೋರ್ಡೋ ದ್ರಾವಣ ತಯಾರಿಸುವ ಕ್ರಮ’.

“ಹಾಂ, ಈಗ ಸಿಕ್ತು ನೋಡು. ಹುಳದ ವಿಷಯಕ್ಕೆ ಹೋಗ್ಬೇಕಾದ್ರೆ?”

“ಇನ್ನೊಂದು ಸಲ 2 ಒತ್ತಿ ಭಾವ.”

ಒತ್ತಿದರು. ಅಣಬೆ ರೋಗ, ಎಲೆಚುಕ್ಕೆ ಎರಡನ್ನೂ ದಾಟಿ ‘ಕೀಟಗಳು’ ಎಂದಿತು.

ಸಂಘದವರಿಗೆ ಪಿಡಿಎಫ್ ಬೇಕಿತ್ತು. ಅವರ ಹಳೆಯ ಪಿಡಿಎಫನ್ನೇ ತಿದ್ದಿಕೊಡಿ ಎಂದರು. ಅಲ್ಲಿ ಒಂದೊಂದೇ ಟ್ಯಾಗ್ ಬದಲಿಸುತ್ತ ಕೂತರೆ ಮುಂದಿನ ಮುದ್ರಣಕ್ಕೆ ವರ್ಡಿನಿಂದ ತೆಗೆದಾಗ ಹಳೇ ತಪ್ಪು ಮತ್ತೆ ಬರುತ್ತದೆ ಎಂದು ಹೇಳಿ, ಸರಿಮಾಡಿದ ಫೈಲಿನಿಂದಲೇ ಹೊಸದನ್ನು ತೆಗೆದೆ. ಉಳಿಸುವಾಗ Options ಒಳಗೆ Create bookmarks using ಎಂಬಲ್ಲಿ Headings, ಅದರ ಜೊತೆಗೆ Document structure tags for accessibility, ಇವೆರಡಕ್ಕೂ ಗುರುತು ಹಾಕಬೇಕು. ಎರಡನೆಯದನ್ನು ಬಿಟ್ಟರೆ ಹಂತಗಳ ವಿವರ ಪಿಡಿಎಫಿಗೆ ಹೋಗುವುದಿಲ್ಲ, ಭಾವನಂಥವರಿಗೆ ಅಂಕಿ ಒತ್ತಿ ಓಡಾಡಲು ಏನೂ ಉಳಿಯುವುದಿಲ್ಲ. ಹಳೆಯ ಪಿಡಿಎಫನ್ನು ವಾಟ್ಸಾಪ್ ಗುಂಪಿನಿಂದ ತೆಗೆದು ಹೊಸದನ್ನು ಹಾಕಿ ಎಂದು ಅವರಿಗೆ ಹೇಳಿದ್ದೇನೆ. ಕೊಳೆರೋಗದ ಎರಡನೇ ಸಲದ ಔಷಧಿ ಹೊಡೆಯುವ ಹೊತ್ತಿಗಾದರೂ ಎಲ್ಲರ ಹತ್ತಿರ ಹೊಸದೇ ಇರಬೇಕು.