ಯಾವುದನ್ನು ಯಾವುದಕ್ಕೆ ಸುರಿಯಬೇಕು: ಫ್ರೆಂಚಿನ ಲಿಂಗ ಮತ್ತು ಕನ್ನಡದ ‘ಅದು’

ನಾನು ಮಡಿಕೇರಿಯ ಮನೆಯಲ್ಲಿ ಕುಳಿತು ಫ್ರೆಂಚಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಕಥೆ, ಕವಿತೆಗಳು ಅಪರೂಪಕ್ಕೆ ಬರುತ್ತವೆ. ಬರುವುದೆಲ್ಲ ಹೆಚ್ಚಾಗಿ ಯಂತ್ರಗಳ ಕೈಪಿಡಿ, ಔಷಧಿಯ ಚೀಟಿ, ಕೃಷಿಯ ಕಿರುಹೊತ್ತಿಗೆಗಳು. ಒಂದು ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣವನ್ನು ತಯಾರಿಸುವ ಬಗೆಗಿನ ಹನ್ನೆರಡು ಪುಟಗಳ ಹೊತ್ತಿಗೆಯೊಂದು ನನ್ನ ಕೈಗೆ ಬಂತು. ಕಾಫಿ ಮತ್ತು ಕಾಳುಮೆಣಸು ಬೆಳೆಯುವ ನಮ್ಮ ಕಡೆ ಈ ದ್ರಾವಣದ ಹೆಸರು ಕೇಳದವರಿಲ್ಲ. ಆದರೆ ಅದು ಫ್ರಾನ್ಸಿನ ಬೋರ್ಡೋ ಊರಿನ ಹೆಸರು ಎಂಬುದನ್ನು, ಅಲ್ಲಿನ ಪ್ರಾಧ್ಯಾಪಕ ಮಿಲಾರ್ದೆ 1885ರಲ್ಲಿ ದ್ರಾಕ್ಷಿಬಳ್ಳಿಯ ರೋಗಕ್ಕೆಂದು ಇದನ್ನು ಪ್ರಚುರಪಡಿಸಿದರು ಎಂಬುದನ್ನು ಎಷ್ಟೋ ಜನ ಯೋಚಿಸಿರುವುದಿಲ್ಲ. ಪರಿಚಿತ ವಸ್ತು, ಪರಿಚಿತ ಪದಗಳು, ಆದ್ದರಿಂದ ಕೆಲಸ ಸುಲಭವೆಂದು ನಾನು ಭಾವಿಸಿದ್ದೆ.

ಮೊದಲ ಕರಡನ್ನು ಚೆಟ್ಟಳ್ಳಿಯ ಹತ್ತಿರ ತೋಟವಿರುವ ನನ್ನ ದೊಡ್ಡಪ್ಪನಿಗೆ ಓದಲು ಕೊಟ್ಟೆ. ಅವರಿಗೆ ಫ್ರೆಂಚ್ ಬಾರದು. ಆದರೆ ಮೆಣಸಿನ ಬಳ್ಳಿಗೆ ಈ ದ್ರಾವಣವನ್ನು ಹೊಡೆಸುತ್ತ ಮೂವತ್ತು ವರ್ಷ ಕಳೆದವರು. ಮೂರನೆಯ ಪುಟದಲ್ಲಿ ಬೆರಳಿಟ್ಟು, “ಇಲ್ಲಿ ಯಾವುದನ್ನು ಯಾವುದಕ್ಕೆ ಸುರಿಯಬೇಕು ಅಂತ ಹೇಳಿದ್ದೀಯಮ್ಮಾ?” ಎಂದು ಕೇಳಿದರು. ನಾನು ಬರೆದಿದ್ದ ವಾಕ್ಯ ಹೀಗಿತ್ತು: “ಮೈಲುತುತ್ತದ ದ್ರಾವಣ ಮತ್ತು ಸುಣ್ಣದ ನೀರು ಸಿದ್ಧವಾದ ಮೇಲೆ, ಕಲಕುತ್ತ ಅದನ್ನು ಇದಕ್ಕೆ ನಿಧಾನವಾಗಿ ಸುರಿಯಿರಿ; ಹಿಂದುಮುಂದು ಮಾಡಬೇಡಿ.” ಹಿಂದುಮುಂದು ಮಾಡಬಾರದೆಂದು ಎಚ್ಚರಿಸುವ ವಾಕ್ಯವೇ ಯಾವುದು ಹಿಂದು, ಯಾವುದು ಮುಂದು ಎಂಬುದನ್ನು ಹೇಳುತ್ತಿರಲಿಲ್ಲ.

ಮೂಲದಲ್ಲಿ ಈ ಗೊಂದಲ ಲವಲೇಶವೂ ಇರಲಿಲ್ಲ. ಫ್ರೆಂಚಿನಲ್ಲಿ ದ್ರಾವಣ ಎಂಬರ್ಥದ ‘ಸೊಲ್ಯುಸಿಯೊಂ’ ಸ್ತ್ರೀಲಿಂಗ. ಸುಣ್ಣದ ನೀರಿಗೆ ಅವರು ‘ಸುಣ್ಣದ ಹಾಲು’ ಎನ್ನುತ್ತಾರೆ. ಅಲ್ಲಿ ಸುಣ್ಣ ಸ್ತ್ರೀಲಿಂಗವಾದರೂ ಹಾಲು ಪುಲ್ಲಿಂಗ, ಆದ್ದರಿಂದ ಇಡೀ ಪದ ಪುಲ್ಲಿಂಗವಾಗುತ್ತದೆ. ಮೂಲ ಲೇಖಕರು “ವೆರ್ಸೇ-ಲಾ” ಎಂದು ಬರೆದಿದ್ದರು. ಅದರ ‘ಲಾ’ ಸ್ತ್ರೀಲಿಂಗದ ಸರ್ವನಾಮ. ಹಾಗಾಗಿ ಸುರಿಯಬೇಕಾದದ್ದು ಮೈಲುತುತ್ತದ ದ್ರಾವಣ. ಮುಂದೆ “ಸೆಲುಯಿ-ಸಿ”ಯ ಒಳಗೆ ಎಂದಿತ್ತು. ಅದು ಪುಲ್ಲಿಂಗ, ಹಾಗಾಗಿ ಸುರಿಸಿಕೊಳ್ಳಬೇಕಾದದ್ದು ಸುಣ್ಣದ ನೀರು. ಎರಡು ಪುಟ್ಟ ಸರ್ವನಾಮಗಳು ಎರಡು ಪಾತ್ರೆಗಳತ್ತ ಬೆರಳು ತೋರುತ್ತಿದ್ದವು. ಕನ್ನಡಕ್ಕೆ ಬಂದ ಕೂಡಲೇ ಎರಡೂ ನಪುಂಸಕಲಿಂಗವಾಗಿ, ‘ಅದು’, ‘ಇದು’ ಎಂಬ ಒಂದೇ ಗುಂಪಿಗೆ ಸೇರಿ, ಆ ಬೆರಳುಗಳು ಮಡಚಿಕೊಂಡವು.

ಕನ್ನಡದಲ್ಲಿ ಲಿಂಗವು ಪದದ ಅರ್ಥವನ್ನು ಅನುಸರಿಸುತ್ತದೆ. ಗಂಡಸಾದರೆ ‘ಅವನು’, ಹೆಂಗಸಾದರೆ ‘ಅವಳು’, ಉಳಿದ ವಸ್ತು, ಪ್ರಾಣಿ, ಭಾವಗಳೆಲ್ಲ ‘ಅದು’. ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲ. ಮೇಜು, ಚಾಕು, ಸುಣ್ಣ, ನೀರು ಎಲ್ಲವೂ ಎರಡರಲ್ಲೊಂದು ಪಾಲಿಗೆ ಬೀಳಬೇಕು. ಹೀಗಾಗಿ ವಸ್ತುಗಳ ಲಿಂಗವನ್ನು ಅನುವಾದಿಸುವ ಅಗತ್ಯ ಕನ್ನಡಕ್ಕಿಲ್ಲ ಎಂದು ನಾವು ಬೇಗ ತೀರ್ಮಾನಿಸುತ್ತೇವೆ. ಮೇಜನ್ನು ‘ಅವಳು’ ಎನ್ನಬೇಕಿಲ್ಲ ಎಂಬುದು ಸರಿಯೇ. ನಾನು ಗಮನಿಸದೆ ಹೋದದ್ದು ಬೇರೆ: ಫ್ರೆಂಚಿನಲ್ಲಿ ವಸ್ತುವಿನ ಲಿಂಗವು ವಸ್ತುವಿನ ಬಗ್ಗೆ ಏನನ್ನೂ ಹೇಳದಿದ್ದರೂ, ಯಾವ ಸರ್ವನಾಮ ಯಾವ ನಾಮಪದಕ್ಕೆ ಸೇರಿದ್ದು, ಯಾವ ವಿಶೇಷಣ ಯಾವುದನ್ನು ಬಣ್ಣಿಸುತ್ತದೆ ಎಂಬುದನ್ನು ಹೇಳುತ್ತದೆ. ಲಿಂಗವನ್ನು ಕೈಬಿಟ್ಟಾಗ ಈ ಸಂಬಂಧವನ್ನೂ ನಾವು ಅರಿವಿಲ್ಲದೆ ಕೈಬಿಡುತ್ತೇವೆ. ಕನ್ನಡದಲ್ಲಿ ಅದನ್ನು ಬೇರೆ ದಾರಿಯಿಂದ ಕಟ್ಟಿಕೊಡಬೇಕು.

ಈ ವಾಕ್ಯದಲ್ಲಿ ತಪ್ಪಿದರೆ ನಷ್ಟ ಚಿಕ್ಕದಲ್ಲ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ತಿರುಗಾಮುರುಗಾ ಮಾಡಿದರೆ ಕಣಗಳು ದಪ್ಪವಾಗಿ ಬೇಗ ತಳಕ್ಕೆ ಕೂರುತ್ತವೆ, ಸ್ಪ್ರೇಯರಿನ ನಾಜಲ್ ಕಟ್ಟಿಕೊಳ್ಳುತ್ತದೆ, ಎಲೆಗೂ ಸರಿಯಾಗಿ ಅಂಟುವುದಿಲ್ಲ. ದೊಡ್ಡಪ್ಪನಿಗೆ ಇದು ಮೊದಲೇ ಗೊತ್ತಿದ್ದುದರಿಂದ ಅವರು ಪ್ರಶ್ನೆ ಕೇಳಿದರು. ಹೊತ್ತಿಗೆಯನ್ನು ಓದಿ ಮೊದಲ ಬಾರಿಗೆ ಬೆರೆಸುವವನಿಗೆ ಪ್ರಶ್ನೆ ಹುಟ್ಟುವುದೂ ಇಲ್ಲ. ತನಗೆ ತೋಚಿದಂತೆ ಸುರಿಯುತ್ತಾನೆ.

‘ಅದನ್ನು ಇದಕ್ಕೆ’ ಎಂದು ಬರೆದಾಗ ನಾನು ಸಾಕಷ್ಟು ಯೋಚಿಸಿಯೇ ಬರೆದಿದ್ದೆ ಎಂಬುದನ್ನೂ ಹೇಳಬೇಕು. ‘ಸೆಲುಯಿ-ಸಿ’ ಎಂದರೆ ಹತ್ತಿರದ್ದು, ಅಂದರೆ ವಾಕ್ಯದಲ್ಲಿ ಕಡೆಗೆ ಹೆಸರಿಸಿದ್ದು. ಕನ್ನಡದಲ್ಲಿಯೂ ‘ಇದು’ ಹತ್ತಿರದ್ದನ್ನೇ ಸೂಚಿಸುತ್ತದೆಯಲ್ಲವೇ ಎಂದುಕೊಂಡಿದ್ದೆ. ಕಣ್ಣೆದುರಿನ ವಸ್ತುಗಳ ಮಟ್ಟಿಗೆ ಆ ಮಾತು ನಿಜ. ಬರಹದಲ್ಲಿ ಮಾತ್ರ ಕನ್ನಡದ ಓದುಗರು ‘ಇದು’ ಎಂಬುದನ್ನು ಹಿಂದಿನ ವಾಕ್ಯದ ಕೊನೆಯ ನಾಮಪದ ಎಂದು ಎಣಿಸಿ ನೋಡುವುದಿಲ್ಲ. ಈಗಷ್ಟೇ ಹೇಳಿದ ಒಟ್ಟು ವಿಷಯ ಎಂದು ತೆಗೆದುಕೊಳ್ಳುತ್ತಾರೆ. ಆದ್ದರಿಂದ ‘ಸೆಲುಯಿ-ಸಿ’ಗೆ ‘ಇದು’ ಎಂದು ಬರೆಯುವುದನ್ನು ಅಂದಿನಿಂದ ಪೂರ್ತಿಯಾಗಿ ಬಿಟ್ಟಿದ್ದೇನೆ.

ಈಗ ನಾನು ಅನುಸರಿಸುವ ಕ್ರಮ ಸರಳವಾದದ್ದು, ಆದರೆ ಸಮಯ ಬೇಡುವಂಥದ್ದು. ಅನುವಾದಕ್ಕೆ ತೊಡಗುವ ಮುನ್ನ ಮೂಲದ ಪ್ರತಿಯೊಂದು ಸರ್ವನಾಮದ ಕೆಳಗೆ ಗೆರೆ ಎಳೆದು, ಅದು ಸೂಚಿಸುವ ನಾಮಪದವನ್ನು ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಆಮೇಲೆ ಕನ್ನಡದಲ್ಲಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತೇನೆ. ಸನ್ನಿವೇಶದಲ್ಲಿ ಒಂದೇ ವಸ್ತುವಿದ್ದರೆ ಸರ್ವನಾಮವನ್ನೇ ಬಿಟ್ಟುಬಿಡುತ್ತೇನೆ. “ಸುಣ್ಣವನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ” ಎಂದರೆ ಸಾಕು, “ಅದನ್ನು ಸೋಸಿ” ಎನ್ನಬೇಕಾಗಿಲ್ಲ. ಎರಡು ವಸ್ತುಗಳಿದ್ದರೆ ಹಿಂಜರಿಯದೆ ಹೆಸರನ್ನೇ ಮತ್ತೆ ಬರೆಯುತ್ತೇನೆ. ಎರಡೂ ಅಲ್ಲದ ಕಡೆ ಮಾತ್ರ ‘ಅದು’ ಉಳಿಯುತ್ತದೆ. ಹೆಸರನ್ನು ಮತ್ತೆ ಮತ್ತೆ ಬಳಸುವುದು ಒರಟು ಶೈಲಿ ಎಂಬ ಭಾವನೆ ಫ್ರೆಂಚ್ ಕಲಿತವರಲ್ಲಿ ಬಲವಾಗಿ ಬೇರೂರಿರುತ್ತದೆ. ಅಲ್ಲಿ ಲಿಂಗದ ಆಸರೆ ಇರುವುದರಿಂದ ಪುನರುಕ್ತಿ ಬೇಡವೆನ್ನುವುದು ಸಾಧ್ಯ. ಆ ಆಸರೆಯಿಲ್ಲದ ಕನ್ನಡದಲ್ಲಿ ಪುನರುಕ್ತಿಯೇ ಸ್ಪಷ್ಟತೆ. ತಿದ್ದಿದ ವಾಕ್ಯ ಹೀಗಾಯಿತು: “ಮೈಲುತುತ್ತದ ದ್ರಾವಣವನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ, ಜೊತೆಜೊತೆಗೆ ಕಲಕಿರಿ. ಸುಣ್ಣದ ನೀರನ್ನು ಮೈಲುತುತ್ತದ ದ್ರಾವಣಕ್ಕೆ ಎಂದೂ ಸುರಿಯಬೇಡಿ.” ಹೆಸರುಗಳು ಎರಡೆರಡು ಬಾರಿ ಬಂದಿವೆ, ಆದರೆ ದೊಡ್ಡಪ್ಪ ಎರಡನೆಯ ಸಲ ಬೆರಳಿಡಲಿಲ್ಲ.

ವಿಶೇಷಣಗಳ ವಿಷಯದಲ್ಲಿಯೂ ಇದೇ ತೊಡಕು. ‘ಅರಳಿದ ಸುಣ್ಣದ ಹಾಲು, ಸೋಸಿದ್ದು’ ಎಂಬುದನ್ನು ಫ್ರೆಂಚಿನಲ್ಲಿ ನಾಮಪದಗಳ ನಂತರ ಎರಡು ವಿಶೇಷಣಗಳನ್ನು ಸಾಲಾಗಿ ಇಟ್ಟು ಬರೆಯಬಹುದು. ‘ಅರಳಿದ’ ಎಂಬುದರ ಕೊನೆಗೆ ಸ್ತ್ರೀಲಿಂಗದ ಅಕ್ಷರವಿರುವುದರಿಂದ ಅದು ಸುಣ್ಣಕ್ಕೆ, ‘ಸೋಸಿದ’ ಎಂಬುದಕ್ಕೆ ಆ ಅಕ್ಷರವಿಲ್ಲದಿರುವುದರಿಂದ ಅದು ಹಾಲಿಗೆ ಸೇರುತ್ತದೆ. ಕನ್ನಡದಲ್ಲಿ ವಿಶೇಷಣವು ಹೆಸರಿಗಿಂತ ಮೊದಲು ಬರುವುದರಿಂದ “ಸೋಸಿದ ಅರಳಿದ ಸುಣ್ಣದ ನೀರು” ಎಂದಾಗುತ್ತದೆ. ಸೋಸಿದ್ದು ಸುಣ್ಣವೋ ನೀರೋ ತಿಳಿಯದು. ಇಂಥಲ್ಲಿ ವಿಶೇಷಣವನ್ನು ಕ್ರಿಯೆಯಾಗಿ ಬಿಡಿಸಿ, “ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ, ಆ ನೀರನ್ನು ಸೋಸಿಟ್ಟುಕೊಳ್ಳಿ” ಎಂದು ಕೆಲಸ ನಡೆಯುವ ಕ್ರಮದಲ್ಲಿಯೇ ಹೇಳುವುದು ಕ್ಷೇಮ.

ಮೂಲದ ಲಿಂಗವನ್ನು ನಂಬಿಯೇ ಎಲ್ಲವನ್ನೂ ಬಿಡಿಸಬಹುದು ಎಂದಲ್ಲ. ಅದೇ ಹೊತ್ತಿಗೆಯಲ್ಲಿ ದ್ರಾವಣವನ್ನು ಪರೀಕ್ಷಿಸುವ ಒಂದು ವಾಕ್ಯವಿತ್ತು. ಪದಕ್ಕೆ ಪದವಿಟ್ಟರೆ ಅದು ಹೀಗೆ: “ಶುಚಿಯಾದ ಕಬ್ಬಿಣದ ಅಲಗನ್ನು ಮಿಶ್ರಣದಲ್ಲಿ ಅದ್ದಿ, ಎಲ್ ಕೆಂಪಾದರೆ, ಎಲ್ ಇನ್ನೂ ಆಮ್ಲೀಯವಾಗಿದೆ.” ‘ಎಲ್’ ಎಂದರೆ ಸ್ತ್ರೀಲಿಂಗದ ‘ಅದು’. ಫ್ರೆಂಚಿನಲ್ಲಿ ಅಲಗು ಎಂಬರ್ಥದ ‘ಲಾಮ್’ ಸ್ತ್ರೀಲಿಂಗ, ಮಿಶ್ರಣ ಎಂಬರ್ಥದ ‘ಬುಯ್ಯಿ’ಯೂ ಸ್ತ್ರೀಲಿಂಗ. ಇಲ್ಲಿ ಲಿಂಗ ಯಾವ ಸಹಾಯವನ್ನೂ ಮಾಡುವುದಿಲ್ಲ. ತೋಟದ ಜ್ಞಾನವೇ ಬೇಕು. ಕೆಂಪಾಗುವುದು ಚಾಕು, ಏಕೆಂದರೆ ಸುಣ್ಣ ಸಾಲದೆ ಉಳಿದ ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಲೇಪವಾಗಿ ಕೂರುತ್ತದೆ; ಆಮ್ಲೀಯವಾಗಿರುವುದು ದ್ರಾವಣ. ಅಂಥ ದ್ರಾವಣವನ್ನು ಹೊಡೆದರೆ ಎಲೆ ಸುಡುತ್ತದೆ. ಕನ್ನಡದಲ್ಲಿ “ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ದ್ರಾವಣದಲ್ಲಿ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರನ್ನು ಬೆರೆಸಿ, ಮತ್ತೊಮ್ಮೆ ಚಾಕು ಅದ್ದಿ ನೋಡಿ” ಎಂದು ಬರೆದೆ. ಅನುವಾದ ಮೂಲಕ್ಕಿಂತ ಸ್ಪಷ್ಟವಾಗಬಾರದು ಎನ್ನುವವರಿದ್ದಾರೆ. ಕೈಪಿಡಿಯ ಮಟ್ಟಿಗೆ ಆ ಮಾತನ್ನು ನಾನು ಒಪ್ಪುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ತಪ್ಪು ಎದುರು ದಿಕ್ಕಿನಿಂದ ಬರುತ್ತದೆ. ಎಚ್ಚರಿಕೆಯ ಪುಟವನ್ನು ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗಿಯೊಬ್ಬಳು ಮಾಡಿದ್ದಳು. “ದ್ರಾವಣವನ್ನು ತಯಾರಿಸುವ ವ್ಯಕ್ತಿ ಕೈಗವಸು ಧರಿಸಬೇಕು. ಅವಳು ಕೆಲಸ ಮುಗಿದ ಮೇಲೆ ಅವಳ ಕೈಗಳನ್ನು ಸೋಪಿನಿಂದ ತೊಳೆಯಬೇಕು” ಎಂದಿತ್ತು. ಫ್ರೆಂಚಿನಲ್ಲಿ ವ್ಯಕ್ತಿ ಎಂಬರ್ಥದ ‘ಪೆರ್ಸೊನ್’ ಗಂಡಸಿಗೆ ಬಳಸಿದರೂ ಸ್ತ್ರೀಲಿಂಗವೇ. ‘ವಿಕ್ತಿಮ್’, ಅಂದರೆ ಅಪಾಯಕ್ಕೆ ಒಳಗಾದವರು, ಎಂಬುದೂ ಹಾಗೆಯೇ. ಆ ‘ಎಲ್’ ಪದದ ಲಿಂಗವನ್ನು ಹಿಡಿದಿದೆಯೇ ಹೊರತು ಮನುಷ್ಯನದ್ದನ್ನಲ್ಲ. ‘ಅವಳು’ ಎಂದ ಕೂಡಲೇ ಕನ್ನಡದ ಓದುಗರಿಗೆ ಈ ಕೆಲಸ ಹೆಂಗಸರದ್ದು ಎಂಬ, ಮೂಲದಲ್ಲಿ ಇಲ್ಲದ ಸುದ್ದಿ ತಲುಪುತ್ತದೆ. ‘ಅವಳ ಕೈ’ ಎಂಬಲ್ಲಿಯೂ ಎಚ್ಚರ ಬೇಕು: ಫ್ರೆಂಚಿನ ಷಷ್ಠಿ ಸರ್ವನಾಮ ಒಡೆಯನ ಲಿಂಗಕ್ಕೆ ಹೊಂದದೆ, ಒಡೆತನದ ವಸ್ತುವಿನ ಲಿಂಗಕ್ಕೆ ಹೊಂದುತ್ತದೆ, ಆದ್ದರಿಂದ ಕೈ ಯಾರದ್ದೆಂಬುದನ್ನು ಅದರಿಂದ ತಿಳಿಯಲಾಗದು.

ಇಲ್ಲಿ ಕನ್ನಡ ನಮಗೆ ಒಳ್ಳೆಯ ಸೌಕರ್ಯಗಳನ್ನು ಕೊಟ್ಟಿದೆ. ‘ಅವರು’ ಎಂಬುದರಲ್ಲಿ ಗಂಡು ಹೆಣ್ಣಿನ ಭೇದವಿಲ್ಲ, ಮರ್ಯಾದೆಯೂ ಇದೆ. ‘ತಮ್ಮ’ ಎಂಬುದು ಒಡೆಯರನ್ನು ಹೇಳುತ್ತದೆ, ಲಿಂಗವನ್ನು ಹೇಳುವುದಿಲ್ಲ. ‘ಬೇಕು’, ‘ಬಾರದು’ ಎಂಬ ರೂಪಗಳು ಕರ್ತೃವಿನ ಲಿಂಗಕ್ಕೆ ಬಾಗುವುದೇ ಇಲ್ಲ. ಹಾಗೆಯೇ ಮುಂದಿನ ಸಾಲಿನಲ್ಲಿ ಮಗುವಿನ ಪ್ರಸ್ತಾಪವಿತ್ತು, ಫ್ರೆಂಚಿನಲ್ಲಿ ಅದಕ್ಕೆ ‘ಇಲ್’ ಎಂಬ ಪುಲ್ಲಿಂಗದ ಸರ್ವನಾಮವಿತ್ತು. ನಮ್ಮ ಶಾಲೆಯ ವ್ಯಾಕರಣದಲ್ಲಿ ಮಗು, ಶಿಶು, ಕೂಸು ಎಂಬ ಪದಗಳನ್ನು ನಿತ್ಯನಪುಂಸಕಲಿಂಗವೆಂದು ಕಲಿಸುತ್ತಾರೆ. ‘ಅವನು’ ಎನ್ನುವ ಪ್ರಶ್ನೆಯೇ ಅಲ್ಲಿಲ್ಲ. ನಾವಿಬ್ಬರೂ ಕುಳಿತು ಆ ಭಾಗವನ್ನು ಹೀಗೆ ತಿದ್ದಿದೆವು: “ದ್ರಾವಣವನ್ನು ತಯಾರಿಸುವವರು ಕೈಗವಸು ಧರಿಸಬೇಕು, ಕೆಲಸ ಮುಗಿದ ಮೇಲೆ ತಮ್ಮ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಮಗು ಹತ್ತಿರ ಬರದಂತೆ ನೋಡಿಕೊಳ್ಳಿ. ಅಕಸ್ಮಾತ್ ಮಗುವಿನ ಮೈಗೆ ತಾಗಿದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.” ಕಡೆಯ ಸಾಲಿನಲ್ಲಿ ಏನು ತಾಗಿದರೆ ಎಂಬುದು ಬಿಟ್ಟುಹೋಗಿದೆ ಎಂದು ಆ ಹುಡುಗಿಯೇ ಗುರುತಿಸಿ, ‘ದ್ರಾವಣ’ ಎಂಬ ಪದವನ್ನು ಸೇರಿಸಿದಳು.