ಗಾರ್ಡ್‌ನ ಕಣ್ಣು, ಕಿವಿ ಮತ್ತು ಅನುಮಾನದ ಲೆಕ್ಕ

“ಸ್ಟೆಲ್ತ್ ಗೇಮ್‌ನಲ್ಲಿ ಒಂದೊಂದ್ಸಲ ಗಾರ್ಡ್ ಎದುರಿಗೇ ದಾಟಿದ್ರೂ ನೋಡಲ್ಲ, ಇನ್ನೊಂದ್ಸಲ ಗೋಡೆ ಹಿಂದೆ ಕೂತಿದ್ರೂ ಸೀದಾ ಹುಡುಕ್ಕೊಂಡು ಬರ್ತಾನೆ. ಒಳಗೆ ಏನ್ ಲೆಕ್ಕ ನಡೀತಿದೆ?”

ಕಾವಲಿನವರ ಕಣ್ಣು ತಪ್ಪಿಸಿ ನುಸುಳುವ ಇಂಥ ಬಹುತೇಕ ಗೇಮ್‌ಗಳಲ್ಲಿ ಪ್ರತಿ ಗಾರ್ಡ್‌ನ ಹೆಸರಿನಲ್ಲೂ ಒಂದು ಅಂಕಿ ಓಡುತ್ತಿರುತ್ತದೆ. ಅದನ್ನು ಅನುಮಾನದ ಅಂಕ ಅಂತ ಕರೆಯೋಣ. ನೀವು ಕಣ್ಣಿಗೆ ಬಿದ್ದರೆ ಅದು ಏರುತ್ತದೆ, ಸದ್ದು ಮಾಡಿದರೂ ಏರುತ್ತದೆ, ಏನೂ ಇಲ್ಲದಿದ್ದರೆ ನಿಧಾನವಾಗಿ ಇಳಿಯುತ್ತದೆ. ಎದುರಿಗೇ ದಾಟಿದಾಗ ನೀವು ಅವನಿಗೆ ಕಂಡಿರುತ್ತೀರಿ, ಆದರೆ ಅಂಕ ಮಿತಿ ಮುಟ್ಟುವಷ್ಟು ಹೊತ್ತು ಕಂಡಿರುವುದಿಲ್ಲ.

ಮೊದಲು ಕಣ್ಣು. ಗಾರ್ಡ್‌ನ ಮುಂದೆ ಹರಡಿದ ವಿಷನ್ ಕೋನ್‌ಗೆ ಒಂದು ಉದ್ದ, ಒಂದು ಅಗಲ. ಉದ್ದ 15 ಮೀಟರ್, ಅಗಲ 90 ಡಿಗ್ರಿ ಅಂತ ಇಟ್ಟುಕೊಳ್ಳಿ. ನೀವು 15 ಮೀಟರ್ ಒಳಗಿದ್ದೀರಾ ಎಂದು ಮೊದಲು ನೋಡುತ್ತಾರೆ, ಆಮೇಲೆ ಅವನು ಮುಖ ಮಾಡಿದ ದಿಕ್ಕಿನಿಂದ ಎರಡೂ ಕಡೆ 45 ಡಿಗ್ರಿ ಒಳಗಿದ್ದೀರಾ ಎಂದು. ಎರಡಕ್ಕೂ ಹೌದು ಎಂದಾದರೆ ಮಾತ್ರ ಕಣ್ಣಿನ ಜಾಗದಿಂದ ನಿಮ್ಮ ಮೈವರೆಗೆ ಒಂದು ಗೆರೆ ಎಳೆದು, ನಡುವೆ ಗೋಡೆ ಅಡ್ಡ ಬಂತಾ ಎಂದು ಪರೀಕ್ಷೆ. ಈ ಗೆರೆಯ ಪರೀಕ್ಷೆಯೇ ಪ್ರೊಸೆಸರ್‌ಗೆ ದುಬಾರಿ, ಅದಕ್ಕೇ ಅದು ಕೊನೆಗೆ.

ಗೆರೆಯನ್ನು ಮೈಯ ಯಾವ ಭಾಗಕ್ಕೆ ಎಳೆಯುತ್ತಾರೆ ಎಂಬುದರಲ್ಲೇ ಅರ್ಧ ಎಡವಟ್ಟು ಹುಟ್ಟುತ್ತದೆ. ಎದೆಗೊಂದೇ ಗೆರೆ ಎಳೆದರೆ ಮೋಟುಗೋಡೆಯ ಮೇಲೆ ತಲೆ ಪೂರ್ತಿ ಕಾಣುತ್ತಿದ್ದರೂ ಗಾರ್ಡ್ ಕುರುಡ. ಒಂದು ಸಣ್ಣ ಕಂಬ ಅಡ್ಡ ಬಂದರೂ ನೀವು ಮಾಯ. ಹಾಗಾಗಿ ತಲೆ, ಎದೆ, ಕೈ, ಕಾಲಿಗೆ ಬೇರೆ ಬೇರೆ ಗೆರೆ ಎಳೆದು, ಎಷ್ಟು ಮುಟ್ಟಿದವು ಎಂದು ಎಣಿಸುತ್ತಾರೆ. ಕೋನ್ ಕತ್ತಿಗೆ ಅಂಟಿದೆಯೋ ಸೊಂಟಕ್ಕೋ ಎಂಬುದೂ ಮುಖ್ಯ. ಸೊಂಟಕ್ಕೆ ಅಂಟಿಸಿಬಿಟ್ಟರೆ ಅನಿಮೇಶನ್‌ನಲ್ಲಿ ಗಾರ್ಡ್ ತಲೆ ತಿರುಗಿಸಿ ನಿಮ್ಮನ್ನೇ ದಿಟ್ಟಿಸುತ್ತಿರುತ್ತಾನೆ, ಲೆಕ್ಕದಲ್ಲಿ ಮಾತ್ರ ನೇರ ಮುಂದೆ ನೋಡುತ್ತಿರುತ್ತಾನೆ. ಆಟಗಾರರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಕ್ಷಮಿಸುವುದೂ ಇಲ್ಲ.

ಒಂದೇ ಕೋನ್ ಸಾಲದು. 1998ರ ‘ಥೀಫ್: ದ ಡಾರ್ಕ್ ಪ್ರಾಜೆಕ್ಟ್’ನಲ್ಲೇ ಒಬ್ಬ ಗಾರ್ಡ್‌ಗೆ ಹಲವು ಕೋನ್‌ಗಳಿದ್ದವು: ನೇರ ನೋಟಕ್ಕೆ ಒಂದು, ಕಣ್ಣಂಚಿನ ನೋಟಕ್ಕೆ ಇನ್ನೊಂದು, ಹೀಗೆ ಪ್ರತಿಯೊಂದಕ್ಕೂ ಬೇರೆ ಚುರುಕು. ‘ಸ್ಪ್ಲಿಂಟರ್ ಸೆಲ್: ಬ್ಲ್ಯಾಕ್‌ಲಿಸ್ಟ್’ ತಂಡ ಶವಪೆಟ್ಟಿಗೆಯ ಆಕಾರದ ನೋಟವನ್ನು ಬಳಸಿತು. ಕಾರಣ ಸರಳ. ಕೋನ್ ಕಣ್ಣಿನ ಹತ್ತಿರ ಸೂಜಿಯಂತೆ ಕಿರಿದು, ಆದ್ದರಿಂದ ಭುಜದ ಪಕ್ಕದಲ್ಲೇ ನಿಂತವನು ಕಾಣುವುದಿಲ್ಲ. ದೂರದಲ್ಲಿ ಅದು ಬೇಡದಷ್ಟು ಅಗಲ.

ಇನ್ನು ಅಂಕ ಏರುವ ವೇಗ. ಕೆಳಗಿನ ಸಂಖ್ಯೆಗಳು ಯಾವ ಗೇಮ್‌ನವೂ ಅಲ್ಲ, ಲೆಕ್ಕ ತೋರಿಸಲು ನಾನೇ ಇಟ್ಟವು:

```
rate = 120 * (1 - d / 15) * light * pose
suspicion += rate * dt
```

`d` ನಿಮ್ಮ ದೂರ, `light` ನಿಮ್ಮ ಮೇಲೆ ಬಿದ್ದ ಬೆಳಕು (0ರಿಂದ 1), `pose` ಬಗ್ಗಿ ನಡೆದರೆ 0.7, ಓಡಿದರೆ 1.5. ಅಂಕ 30 ಆದರೆ ಗಾರ್ಡ್‌ಗೆ ಅನುಮಾನ, 100 ಆದರೆ ಕೂಗು. ಸಾಲಿನ ಕೊನೆಯ `dt` ಅಂದರೆ ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ; ಅದನ್ನು ಬಿಟ್ಟರೆ, ಸೆಕೆಂಡಿಗೆ 60 ಫ್ರೇಮ್ ಓಡುವ ಕಂಪ್ಯೂಟರ್‌ನಲ್ಲಿ ಗಾರ್ಡ್ 30 ಫ್ರೇಮ್‌ನವನಿಗಿಂತ ಎರಡು ಪಟ್ಟು ಚುರುಕಾಗಿಬಿಡುತ್ತಾನೆ.

ಈಗ ಒಂದು ಕಾರಿಡಾರ್. ಗಾರ್ಡ್ 10 ಮೀಟರ್ ದೂರದಲ್ಲಿ ನಿಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಾನೆ. ಬೆಳಕು ಅರ್ಧ, ದಾಟಬೇಕಾದ್ದು 3 ಮೀಟರ್. ಬಗ್ಗಿಕೊಂಡು ಸೆಕೆಂಡಿಗೆ 1.5 ಮೀಟರ್‌ನಂತೆ ಹೋದರೆ 2 ಸೆಕೆಂಡ್ ಬಯಲಲ್ಲಿರುತ್ತೀರಿ. ಅಂಕ ಸೆಕೆಂಡಿಗೆ 14ರಂತೆ ಏರಿ 28ಕ್ಕೆ ನಿಲ್ಲುತ್ತದೆ. ಕೂದಲೆಳೆಯಲ್ಲಿ ಪಾರು. ಅದೇ ಜಾಗದಲ್ಲಿ ಪೂರ್ತಿ ಬೆಳಕಿದ್ದರೆ 56, ಗಾರ್ಡ್ ನಿಮ್ಮತ್ತ ನಡೆದು ಬರುತ್ತಾನೆ.

ಓಡಿದರೆ? ಸೆಕೆಂಡಿಗೆ 4 ಮೀಟರ್, ಅಂದರೆ ಮುಕ್ಕಾಲು ಸೆಕೆಂಡ್‌ನಲ್ಲಿ ಮುಗಿಯಿತು. ಅರ್ಧ ಬೆಳಕಿನಲ್ಲಿ ಅಂಕ ಸೆಕೆಂಡಿಗೆ 30ರಂತೆ ಏರಿದರೂ ಒಟ್ಟು 22.5 ಅಷ್ಟೇ. ಬಗ್ಗಿ ಹೋಗುವುದಕ್ಕಿಂತ ಓಡುವುದೇ ಲಾಭ! ಕಣ್ಣನ್ನಷ್ಟೇ ಲೆಕ್ಕ ಹಾಕುವ ಗೇಮ್‌ನಲ್ಲಿ ಕಳ್ಳಹೆಜ್ಜೆ ಇಡುವವನು ದಡ್ಡ. ಇದನ್ನು ಸರಿಮಾಡಲು `pose` ಸಂಖ್ಯೆಯನ್ನು ಎಳೆದಾಡುವವರಿದ್ದಾರೆ. ನನ್ನ ಪ್ರಕಾರ ಅದು ತಪ್ಪು ಜಾಗದಲ್ಲಿ ರಿಪೇರಿ. ಆ ಕೆಲಸ ಕಿವಿಯದು.

ಪ್ರತಿ ಸದ್ದಿಗೂ ಒಂದು ವ್ಯಾಪ್ತಿ ಇರುತ್ತದೆ. ಬಗ್ಗಿದ ಹೆಜ್ಜೆ 3 ಮೀಟರ್ ಕೇಳಿಸುತ್ತದೆ, ಓಟ 12 ಮೀಟರ್ ಅಂತಿಟ್ಟರೆ, 10 ಮೀಟರ್ ದೂರದ ಗಾರ್ಡ್‌ಗೆ ನಿಮ್ಮ ಓಟ ಕೇಳಿಸಿ ಅಂಕ ಒಂದೇ ಸಲಕ್ಕೆ 20 ಜಿಗಿಯುತ್ತದೆ. 22.5ಕ್ಕೆ 20 ಸೇರಿ 42.5. 30 ದಾಟಿತು, ಗಾರ್ಡ್‌ಗೆ ಅನುಮಾನ ಬಂತು. ನೆಲದ ಬಗೆಯೂ ಇಲ್ಲಿ ಸೇರುತ್ತದೆ: ಥೀಫ್‌ನಲ್ಲಿ ಟೈಲ್ಸ್ ಅಥವಾ ಲೋಹದ ನೆಲದ ಮೇಲೆ ಹೆಜ್ಜೆ ಟಕಟಕ ಅನ್ನುತ್ತದೆ, ಕಾರ್ಪೆಟ್ ಮೇಲೆ ಅಡಗುತ್ತದೆ. 2005ರ ‘ಸ್ಪ್ಲಿಂಟರ್ ಸೆಲ್: ಕೇಯಾಸ್ ಥಿಯರಿ’ಯಲ್ಲಿ ನಿಮ್ಮ ಸದ್ದಿನ ಜೊತೆಗೆ ಸುತ್ತಲಿನ ಗದ್ದಲದ ಮಟ್ಟವನ್ನೂ ಪರದೆಯ ಮೇಲೆ ತೋರಿಸಿದರು. ಜನರೇಟರ್ ಪಕ್ಕದಲ್ಲಿ ನಡೆದಾಡುವುದು ಸಲೀಸು ಏಕೆಂಬುದು ಅದರಿಂದ ಕಣ್ಣಿಗೇ ಕಾಣುತ್ತಿತ್ತು.

“ಗೋಡೆ ಹಿಂದೆ ಕೂತಿದ್ರೂ” ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಸದ್ದಿನ ದೂರವನ್ನು ನೇರ ಗೆರೆಯಲ್ಲಿ ಅಳೆದರೆ, ದಪ್ಪ ಗೋಡೆಯ ಆಚೆ 4 ಮೀಟರ್‌ನಲ್ಲಿರುವ ಗಾರ್ಡ್‌ಗೆ ನಿಮ್ಮ ಓಟ ಕೇಳಿಸಿಯೇ ಬಿಡುತ್ತದೆ. ಆದರೆ ಬಾಗಿಲು ಸುತ್ತಿಕೊಂಡು ಹೋಗುವ ದಾರಿ 18 ಮೀಟರ್ ಇರಬಹುದು. ಥೀಫ್ ಈ ಎರಡನೆಯ ದಾರಿ ಹಿಡಿಯಿತು: ಸದ್ದು ಕೋಣೆಯಿಂದ ಕೋಣೆಗೆ ಬಾಗಿಲ ಮೂಲಕ ಹರಿಯುತ್ತದೆ, ಮುಚ್ಚಿದ ಬಾಗಿಲು ಅದನ್ನು ಕುಗ್ಗಿಸುತ್ತದೆ. ನಿಮ್ಮ ಗೇಮ್ ಯಾವ ಜಾತಿ ಅಂತ ತಿಳಿಯಬೇಕಾ? ಬಾಗಿಲಿಲ್ಲದ ಗೋಡೆಗೆ ಒತ್ತಿ ನಿಂತು ಆಚೆಯ ಗಾರ್ಡ್ ಹತ್ತಿರ ಸದ್ದು ಮಾಡಿ. ಅವನು ಗೋಡೆಗೇ ಮುಖ ತಿರುಗಿಸಿದರೆ ಬಹುಶಃ ನೇರ ಗೆರೆ.

ಇನ್ನೊಂದು ಮೂಲ ಉದ್ದೇಶಪೂರ್ವಕವಾದದ್ದು. ಅಟ್ಟಿಸಿಕೊಂಡು ಬರುವಾಗ ನೀವು ಮೂಲೆ ತಿರುಗಿದ ಕ್ಷಣವೇ ಗಾರ್ಡ್ ಕಕ್ಕಾಬಿಕ್ಕಿಯಾಗಿ ನಿಂತರೆ ಪೆದ್ದನಂತೆ ಕಾಣುತ್ತಾನೆ. ಅದಕ್ಕೆ ಥೀಫ್‌ನಲ್ಲಿ ಕಣ್ಮರೆಯಾದ ಮೇಲೂ ಕೆಲವು ಸೆಕೆಂಡ್ ನಿಮ್ಮ ನಿಜವಾದ ಜಾಗವನ್ನು ಗಾರ್ಡ್‌ಗೆ ಪುಕ್ಕಟೆ ತಿಳಿಸುತ್ತಾರೆ. ಹೊರಗಿನಿಂದ ಅದು ಊಹೆಯಂತೆ ಕಾಣುತ್ತದೆ. ಆ ಸಮಯ ಮುಗಿದ ಮೇಲೆ ಅವನ ಬಳಿ ಉಳಿಯುವುದು ಕೊನೆಯದಾಗಿ ತಿಳಿದ ಜಾಗ ಮಾತ್ರ.

ಅಂಕದಿಂದ ಹುಟ್ಟುವುದು ಸ್ಥಿತಿ: ನಿರಾಳ, ಅನುಮಾನ, ಹುಡುಕಾಟ, ದಾಳಿ. ಏರುವ ಮಿತಿ ಮತ್ತು ಇಳಿಯುವ ಮಿತಿ ಒಂದೇ ಇರಬಾರದು. ಎರಡೂ 30 ಆಗಿದ್ದರೆ ಅಂಕ 29, 31, 29 ಅಂತ ತೂಗಾಡುವಾಗ ಗಾರ್ಡ್ “ಯಾರದು?”, “ಏನೂ ಇಲ್ಲ ಬಿಡು”, “ಯಾರದು?” ಎಂದು ಬಡಬಡಿಸತೊಡಗುತ್ತಾನೆ. 30ಕ್ಕೆ ಏರಿಸಿ, 10ಕ್ಕೆ ಬಂದಾಗ ಇಳಿಸಿದರೆ ಇದು ನಿಲ್ಲುತ್ತದೆ. ಇಳಿಯುವ ಮುನ್ನ ಒಂದೆರಡು ಸೆಕೆಂಡ್ ತಡೆಯೂ ಬೇಕು. ಇಲ್ಲವಾದರೆ ಕಂಬದ ಹಿಂದೆ ಇಣುಕುತ್ತಾ ಅಡಗುತ್ತಾ ಎಷ್ಟು ಹೊತ್ತಾದರೂ ಆಟ ಆಡಿಸಬಹುದು.

ದಾಳಿಯಿಂದ ಸೀದಾ ನಿರಾಳಕ್ಕೆ ಮರಳುವ ಗಾರ್ಡ್ ನಂಬಿಕೆಗೆ ಅರ್ಹನಲ್ಲ. 2001ರ ‘ಮೆಟಲ್ ಗಿಯರ್ ಸಾಲಿಡ್ 2’ರಲ್ಲಿ ಅಲರ್ಟ್ ಆದ ಮೇಲೆ ಇವೇಶನ್ ಎಂಬ ಹುಡುಕಾಟದ ಹಂತ, ಅದಾದ ಮೇಲೆ ಕಾಶನ್ ಎಂಬ ಎಚ್ಚರದ ಹಂತ ಬರುತ್ತದೆ; ಕಾಶನ್ ಮುಗಿಯುವವರೆಗೂ ಕಾವಲು ಬಿಗಿ. ಅಲ್ಲಿ ಗಾರ್ಡ್ ನಿಮ್ಮನ್ನು ಕಂಡರೂ ರೇಡಿಯೋದಲ್ಲಿ ಹೇಳಿದರೆ ತಾನೇ ಉಳಿದವರಿಗೆ ಸುದ್ದಿ? ಅವನ ರೇಡಿಯೋಗೇ ಗುಂಡು ಹೊಡೆದರೆ ಆ ಕರೆ ಹೋಗುವುದಿಲ್ಲ. ಪ್ರತಿ ಗಾರ್ಡ್‌ಗೂ ಬೇರೆ ಅಂಕ ಇಟ್ಟು, ಸುದ್ದಿ ಹಂಚುವುದನ್ನು ಬೇರೆ ಹಂತವಾಗಿ ಇಟ್ಟರೆ ಮಾತ್ರ ಇಂಥ ಸಂದು ಸಿಗುತ್ತದೆ. ಒಬ್ಬ ಕಂಡ ಕೂಡಲೇ ಇಡೀ ಕೋಟೆಗೆ ಗೊತ್ತಾಗುವ ಗೇಮ್‌ಗಳಲ್ಲಿ ಜನ ಸಿಕ್ಕಿಬಿದ್ದ ತಕ್ಷಣ ಹಳೆಯ ಸೇವ್ ಲೋಡ್ ಮಾಡುತ್ತಾರೆ.