ನೂರಿಂಚು ಮಳೆಯ ಲೆಕ್ಕ

“ಈ ವರ್ಷ ನೂರಿಂಚು ಮಳೆ ಬಿದ್ದಿದೆ. ಮಾರ್ಚ್‌ನಲ್ಲಿ ತೋಡು ಒಣಗಿದೆ. ನೀರೆಲ್ಲ ಎಲ್ಲಿಗೆ ಹೋಯ್ತು?”

ಎಲ್ಲಿಗೂ ಮಾಯವಾಗಿಲ್ಲ. ಮಳೆಯಿಂದ ಆವಿಯಾದದ್ದನ್ನು, ತೋಡಿನಲ್ಲಿ ಹರಿದದ್ದನ್ನು ಕಳೆಯಿರಿ. ಉಳಿದದ್ದು ನೆಲದೊಳಗಿನ ಸಂಗ್ರಹದಲ್ಲಾದ ಏರಿಳಿತ.

P − ET − Q = ΔS

ಇಲ್ಲಿ P ಮಳೆ, ET ಆವಿ, Q ಹರಿವು, ΔS ಸಂಗ್ರಹದ ಏರಿಳಿತ.

ಹೋದ ಬೇಸಿಗೆಯಲ್ಲಿ ಪಕ್ಕದ ತೋಟದ ಅಣ್ಣ ಮಳೆ ಪುಸ್ತಕ ಹಿಡಿದುಕೊಂಡೇ ಬಂದರು. ದಿನದಿನದ ಮಳೆ, ಇಂಚು ಸೆಂಟಿನಲ್ಲಿ, ಒಂದು ದಿನವೂ ಬಿಟ್ಟಿಲ್ಲ. ಅಷ್ಟು ಶ್ರದ್ಧೆಯಿಂದ ಬರೆದವರು ಕೊನೆಗೆ ನೋಡುವುದು ಒಟ್ಟು ಮೊತ್ತವನ್ನು ಮಾತ್ರ. ನನಗೆ ಬೇಜಾರಾಗುವುದು ಅಲ್ಲೇ.

ಮಳೆ ನೀರೆಲ್ಲ ಒಂದೇ ತೋಡಿಗೆ ಇಳಿಯುವ 10 ಚದರ ಕಿ.ಮೀ. ಜಲಾನಯನ ಅಂದುಕೊಳ್ಳಿ. ಅಂಕಿಗಳನ್ನು ಲೆಕ್ಕಕ್ಕಾಗಿ ಸರಳ ಮಾಡಿದ್ದೇನೆ. ಜೂನ್‌ನಿಂದ ಮೇವರೆಗೆ ಮಳೆ 100 ಇಂಚು, ಅಂದರೆ 2540 ಮಿ.ಮೀ. ಕೆಳಗಿನ ಸೇತುವೆ ಹತ್ತಿರ ಅಳೆದ ಹರಿವು 1.5 ಕೋಟಿ ಘನ ಮೀಟರ್. ಇಷ್ಟು ಜಾಗದಲ್ಲಿ 1 ಮಿ.ಮೀ. ಅಂದರೆ 10,000 ಘನ ಮೀಟರ್, ಹಾಗಾಗಿ ಹರಿವು 1500 ಮಿ.ಮೀ. ನೆಲದಿಂದ, ಗಿಡಮರಗಳಿಂದ ಆವಿಯಾದದ್ದು 1000. ಉಳಿಕೆ 40.

ಇಷ್ಟಕ್ಕೇ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. “ಸೆಪ್ಟೆಂಬರ್ ಕೊನೆಗೆ ನೆಲದೊಳಗೆ ಎಷ್ಟಿತ್ತು?” ಅಂತ ಯಾರಾದರೂ ಕೇಳಬೇಕಿತ್ತು. ಒಬ್ಬರೂ ಕೇಳಿಲ್ಲ. ಅದೇ ವರ್ಷವನ್ನು ಎರಡು ಭಾಗ ಮಾಡೋಣ.

ಜೂನ್‌ನಿಂದ ಸೆಪ್ಟೆಂಬರ್: ಮಳೆ 2100, ಹರಿವು 1250, ಆವಿ 300. ಮೋಡ ಮುಚ್ಚಿದ ತಿಂಗಳುಗಳಲ್ಲಿ ಆವಿ ಕಡಿಮೆ. ಸಂಗ್ರಹಕ್ಕೆ 550 ಸೇರಿತು.

ಅಕ್ಟೋಬರ್‌ನಿಂದ ಮೇ: ಮಳೆ 440, ಆವಿ 700, ಹರಿವು 250. ಸಂಗ್ರಹದಿಂದ 510 ಹೋಯಿತು.

ಅಂದರೆ ಮಳೆಗಾಲ ಮುಗಿಯುವಷ್ಟರಲ್ಲಿ 1250 ಹರಿದೇ ಹೋಗಿತ್ತು. ಮುಂದಿನ ಎಂಟು ತಿಂಗಳು ತೋಡಿಗೆ ಸಿಕ್ಕಿದ್ದು 250, ಅದರಲ್ಲೂ ಜಾಸ್ತಿ ಪಾಲು ಅಕ್ಟೋಬರ್, ನವೆಂಬರ್‌ನಲ್ಲೇ ಹರಿಯುತ್ತದೆ. ಕಾಫಿ ಹೂವಿಗೆ ಅಂತ ಫೆಬ್ರವರಿಯಲ್ಲಿ ತೋಡಿಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹೊಡೆದರೆ, ಆ ನೀರಿನ ಬಹುಪಾಲು ಹರಿವಿನ ಲೆಕ್ಕ ಬಿಟ್ಟು ಆವಿಯ ಲೆಕ್ಕಕ್ಕೆ ಹೋಗುತ್ತದೆ.

ಆ 40 ಮಿ.ಮೀ. ಉಳಿಕೆಯನ್ನು ಸುಮ್ನೆ ನಂಬಬೇಡಿ. ಮಳೆ ಅಳತೆ 5% ತಪ್ಪಿದರೂ 127 ಮಿ.ಮೀ. ವ್ಯತ್ಯಾಸ, ಉಳಿಕೆಯ ಮೂರು ಪಟ್ಟು! ಕೊಡಗಿನಲ್ಲಿ ಘಟ್ಟದ ಕಡೆಯಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಬೇಗ ಇಳಿಯುತ್ತದೆ. ಮನೆ ಅಂಗಳದ ಒಂದೇ ಮಳೆಮಾಪಕ ಇಡೀ ಜಲಾನಯನಕ್ಕೆ ಸಾಲುವುದಿಲ್ಲ. ಇನ್ನೊಂದು ತಪ್ಪನ್ನೂ ಎಷ್ಟೋ ಜನ ಮಾಡುತ್ತಾರೆ: ΔS ಸೊನ್ನೆ ಅಂತ ಇಟ್ಟು, ಮಳೆಯಿಂದ ಹರಿವನ್ನು ಕಳೆದು ಉಳಿದದ್ದೆಲ್ಲ ಆವಿ ಅನ್ನುವುದು. ಆಗ ಲೆಕ್ಕ ಯಾವಾಗಲೂ ಸರಿಯಾಗಿಯೇ ಕೂರುತ್ತದೆ, ಎಲ್ಲ ಅಳತೆಯ ತಪ್ಪೂ ಆವಿಯೊಳಗೆ ಅಡಗಿ ಕೂರುತ್ತದೆ.

ಅಣ್ಣನಿಗೆ ನಾನು ಹೇಳಿದ್ದು ಬಾವಿ ನೋಡಿ ಅಂತ. ಪ್ರತಿ ಮೇ 31ಕ್ಕೆ ಹಗ್ಗ ಇಳಿಸಿ, ಬಾವಿಕಟ್ಟೆಯಿಂದ ನೀರಿನವರೆಗೆ ಅಳೆಯಿರಿ. ಬಾವಿಗೆ ನೀರು ಕೊಡುವ ನೆಲದ ಪದರ ತನ್ನ ಗಾತ್ರದ 4% ನೀರು ಬಿಟ್ಟುಕೊಡುತ್ತದೆ ಅಂದುಕೊಂಡರೆ, ಮಟ್ಟ 1 ಮೀಟರ್ ಏರಿದ್ದಕ್ಕೆ 40 ಮಿ.ಮೀ. ಸರಿಹೋಗುತ್ತದೆ. ಎರಡು ಮೇ ತಿಂಗಳಲ್ಲೂ ಮೇಲ್ಮಣ್ಣಿನ ತೇವ ಒಂದೇ ಥರ ಇರಬೇಕು ಅಷ್ಟೇ. ಬಾವಿ ಇಳಿದಿದ್ದರೆ ಮಳೆ, ಹರಿವು, ಆವಿ ಮೂರರಲ್ಲಿ ಯಾವುದಾದರೂ ಒಂದರ ಅಳತೆ ತಪ್ಪಿರುವ ಸಾಧ್ಯತೆ ಹೆಚ್ಚು. ಮೊದಲು ಮರದ ಕೊಂಬೆಯಿಂದ ಮಳೆಮಾಪಕದೊಳಗೆ ನೀರು ತೊಟ್ಟಿಕ್ಕುತ್ತಿದೆಯಾ ನೋಡಿ.